74 ಟ್ರಿಪ್ಪಿನ ಲೆಕ್ಕ

ನನ್ನ 14 ಅಡಿಯ ಸರಕು ಗಾಡಿಗೆ ಒಂದು ವರ್ಷ ತುಂಬಿದಾಗ ಇನ್ನೂ ಎರಡು ತಗೋಬೇಕು ಅನ್ನಿಸಿತು. ಕೆಲಸ ಕಲಬುರಗಿಯ ದಾಲ್‌ ಮಿಲ್ಲುಗಳಿಂದ ಹೈದರಾಬಾದಿಗೆ ತೊಗರಿಬೇಳೆ ಸಾಗಿಸುವುದು. 50 ಕೆಜಿಯ 80 ಚೀಲ, ಅಂದರೆ ನಾಲ್ಕು ಟನ್. ಮೊದಲ ವರ್ಷ ಕಂತು ಒಂದೂ ತಪ್ಪಿರಲಿಲ್ಲ. ಬ್ಯಾಂಕಿಗೆ ಕೊಡಲು ನಮ್ಮ ಲೆಕ್ಕ ನೋಡುವವರು ಒಂದು ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಟ್ಟರು. ಅದರಲ್ಲಿ ಪ್ರತಿ ಗಾಡಿ ತಿಂಗಳಿಗೆ 26 ದಿನ, ದಿನಕ್ಕೆ 220 ಕಿ.ಮೀ. ಓಡುತ್ತದೆ ಎಂದಿತ್ತು. ಲೀಟರಿಗೆ 11 ಕಿ.ಮೀ. ಮೈಲೇಜ್. ರಿಪೇರಿಗೆ ತಿಂಗಳಿಗೆ ₹3,000.

ಅದನ್ನು ಓದುತ್ತಾ ನನ್ನ ಡೈರಿ ತೆರೆದೆ. ಪ್ರತಿ ಟ್ರಿಪ್ಪಿನ ಕಿ.ಮೀ., ಡೀಸೆಲ್, ಬಾಡಿಗೆ ಎಲ್ಲವನ್ನೂ ನಾನು ಡೈರಿಯಲ್ಲಿ ಬರೆಯುತ್ತೇನೆ. ಒಂದು ರಾತ್ರಿ ಕೂತು ಕೂಡಿಸಿದೆ. ರಿಪೋರ್ಟಿನ ಪ್ರಕಾರ ವರ್ಷಕ್ಕೆ 68,640 ಕಿ.ಮೀ. ಆಗಬೇಕು. ನನ್ನ ಗಾಡಿ ಓಡಿದ್ದು 34,040. ಹೆಚ್ಚುಕಡಿಮೆ ಅರ್ಧ!

ಗಾಡಿ ಕೆಟ್ಟು ನಿಂತಿದ್ದು ಕಡಿಮೆ. ಹಾಗಾದರೆ ಉಳಿದ ದಿನ ಎಲ್ಲಿ ಹೋದವು?

ಒಂದು ಟ್ರಿಪ್ ನೋಡಿ. ಕಮಲಾಪುರ, ಹುಮನಾಬಾದ್, ಜಹೀರಾಬಾದ್ ದಾಟಿ ಹೈದರಾಬಾದಿಗೆ ಸುಮಾರು 220 ಕಿ.ಮೀ. ಓಡುವುದಕ್ಕೆ ಆರು ತಾಸು ಸಾಕು. ಆದರೆ ಕಪನೂರಿನ ಮಿಲ್ಲಿನಲ್ಲಿ ಎಂಟಕ್ಕೆ ಬಾ ಅಂದರೆ ಎಂಟಕ್ಕೆ ಲೋಡ್ ಆಗಲ್ಲ. ಹತ್ತೂವರೆಗೆ ಡ್ರೈವರ್ ಫೋನ್ ಮಾಡುತ್ತಾನೆ. "ಸಾವ್ಕಾರ್ರ, ಗಾಡಿ ನಿಂತದರಿ, ಹಮಾಲರು ಇನ್ನಾ ಬಂದಿಲ್ರಿ." ಚೀಲ ಏರಿಸಿ, ಕಾಟಾ ಮಾಡಿಸಿ, ಬಿಲ್ಲು ಕೈಗೆ ಬರುವಾಗ ಸಂಜೆ ಐದು. ಹಗಲು ಹೊತ್ತಿನಲ್ಲಿ ಹೈದರಾಬಾದ್ ಪೇಟೆಯೊಳಗೆ ಸರಕು ಗಾಡಿಗೆ ನಿರ್ಬಂಧ ಇರುತ್ತದೆ. ಅದಕ್ಕೆ ರಾತ್ರಿ ಓಡಿಸಿ ಬೆಳಗಾಗುವ ಮುಂಚೆ ಬೇಗಂ ಬಜಾರ್ ಕಡೆ ಮುಟ್ಟಬೇಕು. ಇಳಿಸುವಾಗ ಮಧ್ಯಾಹ್ನ. ಆಮೇಲೆ ರಿಟರ್ನ್ ಲೋಡಿಗೆ ಕಾಯುವುದು. ಮೂರನೇ ದಿನ ಊರಿಗೆ ವಾಪಸ್ಸು.

ಹೀಗೆ ಒಂದು ಟ್ರಿಪ್ಪಿಗೆ ಮೂರು ದಿನ. ನಾಲ್ಕು ಭಾನುವಾರ ಮತ್ತು ರಿಪೇರಿಗೆ ಎರಡು ದಿನ ತೆಗೆದರೆ ಉಳಿಯುವುದು 24 ದಿನ, ಅಂದರೆ ಎಂಟು ಟ್ರಿಪ್. ಅದೂ ಲೋಡ್ ತಪ್ಪದೆ ಸಿಕ್ಕರೆ. ನಮ್ಮಲ್ಲಿ ತೊಗರಿ ಡಿಸೆಂಬರ್ ಕೊನೆಯಿಂದ ಮಾರ್ಕೆಟ್ಟಿಗೆ ಬರುತ್ತದೆ. ಜನವರಿಯಿಂದ ಏಪ್ರಿಲ್ ತನಕ ಎಂಟು ಟ್ರಿಪ್ ಆಗುತ್ತವೆ. ಮೇ, ಜೂನ್ ಮತ್ತು ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಆರು. ಜುಲೈ, ಆಗಸ್ಟ್, ಸೆಪ್ಟೆಂಬರಿನಲ್ಲಿ ನಾಲ್ಕೇ. ಕೂಡಿಸಿದರೆ 74. ಊರೊಳಗಿನ ಓಡಾಟ ಸೇರಿ ಟ್ರಿಪ್ಪಿಗೆ 460 ಕಿ.ಮೀ.

ಅವತ್ತಿನಿಂದ ನಾನು ದಿನಕ್ಕೆ ಎಷ್ಟು ಕಿ.ಮೀ. ಅನ್ನುವ ಲೆಕ್ಕ ಬಿಟ್ಟೆ. ತಿಂಗಳಿಗೆ ಎಷ್ಟು ಟ್ರಿಪ್ ಅಂತ, ಅದೂ ತಿಂಗಳು ತಿಂಗಳಿಗೆ ಬೇರೆ ಬೇರೆ ಬರೆಯುತ್ತೇನೆ. ಸಣ್ಣ ಗಾಡಿಯವರು ಕೆಡುವುದು ಇಲ್ಲೇ ಎಂದು ನನಗೆ ಬಲವಾಗಿ ಅನಿಸುತ್ತದೆ. ದಿನ ತಪ್ಪಾದರೆ ಡೀಸೆಲ್, ರಿಪೇರಿ, ಕಂತು ಎಲ್ಲಾ ತಪ್ಪುತ್ತವೆ.

ಡೀಸೆಲ್ ಲೆಕ್ಕ ಹೀಗೆ ಮಾಡಿದೆ. ಒಂದೇ ಪಂಪಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಮೀಟರ್ ಓದಿ ಬರೆದುಕೊಂಡೆ. ವಾಪಸ್ಸು ಬಂದು ಅದೇ ಪಂಪಿನಲ್ಲಿ ಮತ್ತೆ ಫುಲ್ ಮಾಡಿಸಿದೆ. ಹೋಗುವಾಗಿನ ಲೆಕ್ಕ, ಬರುವಾಗಿನ ಲೆಕ್ಕ ಬೇರೆ ಮಾಡಲು ಕೆಲವು ಸಲ ಹೈದರಾಬಾದಿನಲ್ಲೂ ಫುಲ್ ಮಾಡಿಸಿದೆ. ಅಲ್ಲಿ ಡೀಸೆಲ್ ದುಬಾರಿ, ಆದರೂ ಅಳತೆಗೋಸ್ಕರ ಮಾಡಿಸಿದೆ. ಲೋಡ್ ಇದ್ದಾಗ ಲೀಟರಿಗೆ 8 ಕಿ.ಮೀ., ಖಾಲಿ ಇದ್ದಾಗ 11. ರಿಪೋರ್ಟಿನಲ್ಲಿದ್ದ 11 ಖಾಲಿ ಗಾಡಿಯದ್ದು. ಖಾಲಿ ಗಾಡಿಗೆ ಯಾರೂ ಬಾಡಿಗೆ ಕೊಡಲ್ಲ, ಅಲ್ವಾ?

8 ಮತ್ತು 11 ಕೂಡಿಸಿ ಎರಡರಿಂದ ಭಾಗಿಸಿ ಒಂಬತ್ತೂವರೆ ಅಂತ ಹಿಡಿಯುವವರು ಇದ್ದಾರೆ. ಅದೂ ತಪ್ಪು, ಲೋಡಿದ್ದಾಗ ಡೀಸೆಲ್ ಜಾಸ್ತಿ ಕುಡಿಯುತ್ತದೆ. ಲೀಟರ್ ಕೂಡಿಸಬೇಕು. ಹೋಗುವಾಗ 220 ಕಿ.ಮೀ.ಗೆ 27.5 ಲೀಟರ್, ಖಾಲಿ ಬರುವಾಗ 20, ಊರೊಳಗೆ 2.5. ಒಟ್ಟು 50 ಲೀಟರ್. ವಾಪಸ್ಸೂ ಲೋಡ್ ಇದ್ದರೆ 57.5. ಆಗ ನಾನು ಲೀಟರಿಗೆ ₹91 ಹಿಡಿದಿದ್ದೆ. ಖಾಲಿ ಬಂದ ಟ್ರಿಪ್ಪಿಗೆ ₹4,550 ಆಯಿತು. 11ರ ಲೆಕ್ಕದಲ್ಲಿ 42 ಲೀಟರ್ ಕೂಡ ಆಗುತ್ತಿರಲಿಲ್ಲ.

ಈ 50 ಲೀಟರ್ ಅನ್ನುವ ಅಂಕಿ ಇನ್ನೊಂದು ಕೆಲಸಕ್ಕೂ ಬಂತು. ಒಮ್ಮೆ ಸತತ ಎರಡು ಟ್ರಿಪ್ ಖಾಲಿ ವಾಪಸ್ಸು ಬಂದರೂ ಟ್ರಿಪ್ಪಿಗೆ 58 ಲೀಟರ್ ಹೋಯಿತು. ಡ್ರೈವರ್ ಮೇಲೆ ಅನುಮಾನ ಬಂತು. ಬಾಯಿಬಿಟ್ಟು ಹೇಳುವ ಮುಂಚೆ ಮೂರನೇ ಟ್ರಿಪ್ಪಿಗೆ ನಾನೇ ಜೊತೆಗೆ ಹೋದೆ. ಹುಮನಾಬಾದಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಒಂದೊಂದೇ ಚಕ್ರದ ನಡುಭಾಗಕ್ಕೆ ಅಂಗೈ ಹತ್ತಿರ ಹಿಡಿದು ನೋಡಿದೆ. ಉಳಿದವು ಬೆಚ್ಚಗಿದ್ದವು. ಹಿಂದಿನ ಎಡಗಡೆಯದ್ದು ಕೈ ಹತ್ತಿರ ಒಯ್ಯಲು ಆಗದಷ್ಟು ಕಾದಿತ್ತು. ಬ್ರೇಕ್ ಲೈನರ್ ಸುಟ್ಟ ವಾಸನೆ ಬರುತ್ತಿತ್ತು. ಬ್ರೇಕ್ ಬಿಟ್ಟ ಮೇಲೂ ಲೈನರ್ ಡ್ರಮ್ಮಿಗೆ ಒತ್ತಿಕೊಂಡೇ ಇತ್ತು. ಗಾಡಿ ಬ್ರೇಕ್ ಹಿಡಿದುಕೊಂಡೇ ಓಡುತ್ತಿತ್ತು. ಮಿಸ್ತ್ರಿ ಚಕ್ರ ಬಿಚ್ಚಿ ಬ್ರೇಕ್ ಸರಿಮಾಡಿದ ಮೇಲೆ ಮತ್ತೆ 50ಕ್ಕೆ ಬಂತು. ಲೆಕ್ಕ ಇಲ್ಲದೇ ಇದ್ದರೆ ಒಳ್ಳೆ ಹುಡುಗನೊಬ್ಬನನ್ನು ಸುಮ್ನೆ ಕಳೆದುಕೊಳ್ಳುತ್ತಿದ್ದೆ.

ಇನ್ನು ರಿಪೇರಿ. ತಿಂಗಳಿಗೆ ₹3,000 ಅನ್ನುವುದು ಹೊಸ ಗಾಡಿಗೆ ಮೊದಲ ವರ್ಷ ನಿಜ ಅನ್ನಿಸುತ್ತದೆ. ಯಾಕೆಂದರೆ ಆಯಿಲ್, ಫಿಲ್ಟರ್ ಬಿಟ್ಟರೆ ಬೇರೆ ಖರ್ಚೇ ಬರಲ್ಲ. ಆದರೆ ಟೈರು ಮೊದಲ ದಿನದಿಂದಲೇ ಸವೆಯುತ್ತಿರುತ್ತದೆ. ಆರು ಟೈರು, ಒಂದಕ್ಕೆ ₹14,000, ಒಟ್ಟು ₹84,000. ನನ್ನ ರೂಟಿನಲ್ಲಿ 45,000 ಕಿ.ಮೀ. ಬಾಳುತ್ತವೆ. ಕಿ.ಮೀ.ಗೆ ₹1.87 ಬಿತ್ತು. ಶಹಾಬಾದ್ ಕಡೆ ಪರಸಿ ಕಲ್ಲು ಸಾಗಿಸುವ ನನ್ನ ಗೆಳೆಯನಿಗೆ 30,000 ಬಂದರೆ ಹೆಚ್ಚು. ಗಣಿ ದಾರಿಯ ಚೂಪುಗಲ್ಲು ಟೈರಿನ ಪಕ್ಕ ಸೀಳುತ್ತವೆ. ಅವನ ಏರ್ ಫಿಲ್ಟರ್ ನೆಲಕ್ಕೆ ತಟ್ಟಿದರೆ ಸಿಮೆಂಟಿನಂಥ ಪುಡಿ ಹಿಡಿಗಟ್ಟಲೆ ಬೀಳುತ್ತದೆ. ಆದ್ದರಿಂದ ನನ್ನ ಅಂಕಿ ಅವನಿಗೆ ಆಗಲ್ಲ, ಅವನದು ನನಗೆ ಆಗಲ್ಲ. ಆಯಿಲ್, ಲೈನರ್, ಕ್ಲಚ್, ಕಮಾನು ಪಟ್ಟಿ ಎಲ್ಲಾ ಸೇರಿಸಿ ನಾನು ಕಿ.ಮೀ.ಗೆ ₹3 ಹಿಡಿದೆ. ಟ್ರಿಪ್ಪಿಗೆ ₹1,380. ಅದರಲ್ಲಿ ಟೈರಿನ ಪಾಲು ₹860.

ಈಗ ಎಲ್ಲಾ ಒಟ್ಟಿಗೆ ಇಟ್ಟು ನೋಡೋಣ. ಹೋಗುವ ಬಾಡಿಗೆ ₹13,000. ಡೀಸೆಲ್ ₹4,550, ಟೋಲು, ಡ್ರೈವರ್ ಬಾಟಾ, ಇಂಜಿನ್ ಹೊಗೆ ಶುದ್ಧ ಮಾಡುವ ಡಿಇಎಫ್ ದ್ರವ, ಇತರೆ ಸೇರಿ ₹2,200, ರಿಪೇರಿ ₹1,380 ತೆಗೆದರೆ ₹4,870 ಉಳಿಯುತ್ತದೆ. ರಿಟರ್ನ್ ಲೋಡ್ ಸಿಕ್ಕರೆ ₹4,500 ಬರುತ್ತದೆ. ಅದರಲ್ಲಿ ಬ್ರೋಕರ್ ಕಮಿಷನ್ ಮತ್ತು ಜಾಸ್ತಿ ಡೀಸೆಲ್ ಹೋಗಿ ₹3,370. ನನಗೆ ಎರಡು ಟ್ರಿಪ್ಪಿಗೆ ಒಂದು ಸಲ ಸಿಕ್ಕಿತ್ತು. ಆದ್ದರಿಂದ ಸರಾಸರಿ ಟ್ರಿಪ್ಪಿಗೆ ₹6,550 ಅಂತ ಹಿಡಿಯಬಹುದು. ಗಾಡಿ ಓಡಲಿ ಬಿಡಲಿ ತಿಂಗಳಿಗೆ ಹೋಗುವುದು ₹46,000. ಕಂತು ₹27,000, ಡ್ರೈವರ್ ಸಂಬಳ ₹14,000, ಇನ್ಶೂರೆನ್ಸು, ಟ್ಯಾಕ್ಸು, ಪರ್ಮಿಟ್ಟಿಗೆ ₹5,000. ಅಂದರೆ ತಿಂಗಳಿಗೆ ಏಳು ಟ್ರಿಪ್ ಆಗಲೇಬೇಕು, ವರ್ಷಕ್ಕೆ 84. ಆಗಿದ್ದು 74.

ಹತ್ತು ಟ್ರಿಪ್ ಕೊರತೆ, ₹65,500. ಹಾಗಿದ್ದರೂ ಕಂತು ಹೇಗೆ ಕಟ್ಟಿದೆ? ಎರಡು ಸಲ ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು. 74 ಟ್ರಿಪ್ಪಿನ ಟೈರಿನ ಪಾಲು ₹63,640. ಟೈರು ಇನ್ನೂ ಹಾಕಿಸಿರಲಿಲ್ಲವಾದ್ದರಿಂದ ಆ ದುಡ್ಡು ಕೈಯಲ್ಲಿತ್ತು, ಅದೇ ಕಂತಿಗೆ ಹೋಗಿತ್ತು. ನನ್ನ ಓಟಕ್ಕೆ 45,000 ಕಿ.ಮೀ. ತುಂಬುವುದು ಹದಿನಾರನೇ ತಿಂಗಳಲ್ಲಿ. ಮೂರು ಗಾಡಿ ಇದ್ದಿದ್ದರೆ ಇದೇ ಹೊಡೆತ ಮೂರು ಪಟ್ಟು. ನನಗೆ ಲೋಡ್ ಕೊಡುವ ಮಿಲ್ಲುಗಳು ಮಾತ್ರ ಅವೇ.

ಎರಡು ಗಾಡಿಯ ಅರ್ಜಿ ವಾಪಸ್ಸು ತಗೊಂಡೆ. ಇದ್ದ ಗಾಡಿಯ ಪ್ಲಾನನ್ನೇ ಹೊಸದಾಗಿ ಬರೆದೆ. ಮೊದಲನೆಯದು, ರಿಟರ್ನ್ ಲೋಡಿಗೆ ಎಷ್ಟು ಕಾಯಬೇಕು ಅನ್ನುವುದು. ಸೀಜನ್ನಿನಲ್ಲಿ ಒಂದು ದಿನದ ಬೆಲೆ ಟ್ರಿಪ್ಪಿನ ಮೂರನೇ ಒಂದು ಪಾಲು, ಬಾಟಾ ಸೇರಿ ಸುಮಾರು ₹2,600. ರಿಟರ್ನ್ ಲೋಡಿನಲ್ಲಿ ಉಳಿಯುವುದು ₹3,370. ಹಾಗಾಗಿ ಒಂದು ದಿನ ಕಾಯಬಹುದು, ಎರಡನೇ ದಿನಕ್ಕೆ ನಷ್ಟ. ಖಾಲಿಯಾದರೂ ಬಂದುಬಿಡು ಅಂತ ಡ್ರೈವರಿಗೆ ಹೇಳಿಟ್ಟೆ. ಜುಲೈ–ಆಗಸ್ಟಿನಲ್ಲಿ ಊರಿನಲ್ಲಿ ಲೋಡ್ ಇಲ್ಲದಿದ್ದರೆ ಕಾಯುವುದಕ್ಕೆ ಬಾಟಾ ಒಂದೇ ಖರ್ಚು. ಆಗ ಎರಡು ದಿನ ನಿಂತರೂ ಅಡ್ಡಿಯಿಲ್ಲ.

ಎರಡನೆಯದು ಮಳೆಗಾಲದ ಖಾಲಿ ದಿನಗಳು. ತಿಂಗಳಿಗೆ ನಾಲ್ಕು ಟ್ರಿಪ್ ಅಂದರೆ ಹನ್ನೆರಡು ದಿನ ಗಾಡಿ ಸುಮ್ನೆ ನಿಲ್ಲುತ್ತದೆ. ಮೂರು ತಿಂಗಳಿಗೆ 36 ದಿನ. ಬಿತ್ತನೆ ಆದಮೇಲೆ ಯೂರಿಯಾಕ್ಕೆ ಬೇಡಿಕೆ ಇರುವ ಕಾಲ ಅದೇ. ಗೋದಾಮಿನಿಂದ ಆಳಂದ, ಜೇವರ್ಗಿ ಕಡೆಯ ಸೊಸೈಟಿಗಳಿಗೆ ಗೊಬ್ಬರ ಮುಟ್ಟಿಸುವ ಗುತ್ತಿಗೆದಾರರೊಬ್ಬರನ್ನು ಮೇ ತಿಂಗಳಲ್ಲೇ ಹೋಗಿ ಕಂಡೆ. ದಿನಕ್ಕೆ ₹3,500, ಓಟ 80 ಕಿ.ಮೀ. ಖರ್ಚು ಕಳೆದು ₹2,000 ಉಳಿಯುತ್ತಿತ್ತು. ಕೊರತೆ ತುಂಬಲು 33 ದಿನ ಬೇಕಿತ್ತು.

ಟೈರಿಗೆ ಬೇರೆ ಖಾತೆ ತೆಗೆದೆ. ಪ್ರತಿ ಟ್ರಿಪ್ ಮುಗಿದ ದಿನ ₹860 ಅದಕ್ಕೆ ಹಾಕುತ್ತೇನೆ. ಏಪ್ರಿಲ್ ಕೊನೆಯಲ್ಲಿ ಟೈರು ಬೋಳಾದಾಗ ಆ ಖಾತೆಯಲ್ಲಿ 32 ಟ್ರಿಪ್ಪಿನ ₹27,520 ಇತ್ತು. ಮುಂದಿನ ಎರಡಕ್ಕೆ ಹೊಸದು ಹಾಕಿಸಿದೆ, ಹಿಂದಿನ ನಾಲ್ಕಕ್ಕೆ ಉದ್ರಿಯಲ್ಲಿ ರೀಸೋಲ್, ಅಂದರೆ ಹಳೇ ಟೈರಿನ ಮೇಲೆಯೇ ಹೊಸ ರಬ್ಬರ್ ಪಟ್ಟಿ. ಗೊಬ್ಬರದ ಕೆಲಸ ಸೆಪ್ಟೆಂಬರ್ ಮುಗಿಯುವಾಗ 29 ದಿನ ಆಗಿತ್ತು. ಆ ದುಡ್ಡಿನಲ್ಲೇ ರೀಸೋಲಿನ ಉದ್ರಿ ತೀರಿಸಿದೆ.