ಒತ್ತಿಲ್ಲದ ಪದ, ದೊಡ್ಡ ಅಕ್ಷರ: ಥಂಬ್‌ನೇಲ್ ಮಾಡುವಾಗ ನಾನು ಹಿಡಿದ ದಾರಿ

ಥಂಬ್‌ನೇಲ್‌ಗೆ ಯಾವ ಫಾಂಟ್ ಹಾಕ್ತೀರಿ ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ: ಫಾಂಟ್ ಆಮೇಲೆ ನೋಡೋಣ, ಮೊದಲು ಪದ ತೋರಿಸಿ. ಚಿಕ್ಕಮಗಳೂರಿನಲ್ಲಿ ಫ್ಲೆಕ್ಸ್, ಕರಪತ್ರ, ಲಗ್ನಪತ್ರಿಕೆ ಮಾಡಿಕೊಂಡಿದ್ದ ನನಗೆ ಈಗ ತೋಟದ ವಿಡಿಯೋ ಮಾಡುವವರ ಕೆಲಸವೂ ಬರುತ್ತಿದೆ. ಫ್ಲೆಕ್ಸ್‌ನಲ್ಲಿ ಜಾಗ ಸಾಲದಿದ್ದರೆ ಇನ್ನೆರಡು ಅಡಿ ಜಾಸ್ತಿ ಹಾಕಬಹುದು. ಥಂಬ್‌ನೇಲ್‌ನಲ್ಲಿ ಆ ದಾರಿ ಇಲ್ಲ. ನಾವು 1280×720ರಲ್ಲಿ ಮಾಡಿದ್ದು ನೋಡುವವರ ಫೋನಿನಲ್ಲಿ, ಹುಡುಕಾಟದ ಪಟ್ಟಿಯಲ್ಲಿ, ಇನ್ನೊಂದು ವಿಡಿಯೋದ ಪಕ್ಕದಲ್ಲಿ ಅಂಚೆಚೀಟಿಯಷ್ಟಾಗಿ ಕೂರುತ್ತದೆ.

ಎಷ್ಟು ಚಿಕ್ಕದಾಗುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಯೂಟ್ಯೂಬ್ ಪ್ರತಿ ಥಂಬ್‌ನೇಲ್‌ಗೂ ಹಲವು ಅಳತೆಯ ಪ್ರತಿಗಳನ್ನು ಮಾಡಿಡುತ್ತದೆ. ಅದರಲ್ಲಿ ಅತಿ ಚಿಕ್ಕದು 120 ಪಿಕ್ಸೆಲ್ ಅಗಲದ್ದು. 1280ನ್ನು 120ರಿಂದ ಭಾಗಿಸಿದರೆ ಸುಮಾರು ಹತ್ತೂವರೆ. ಅಂದರೆ ನನ್ನ ಪರದೆಯ ಮೇಲೆ ಹನ್ನೊಂದು ಪಿಕ್ಸೆಲ್ ಇರುವ ಗೆರೆ ಅಥವಾ ಖಾಲಿ ಜಾಗ ಅಲ್ಲಿ ಒಂದೇ ಪಿಕ್ಸೆಲ್ ಆಗುತ್ತದೆ. ಹನ್ನೊಂದಕ್ಕಿಂತ ಕಿರಿದಾದ ಸಂದು ಅಲ್ಲಿ ಮುಚ್ಚಿಹೋದ ಹಾಗೆ. ಈಗಿನ ಫೋನ್‌ಗಳು ಇದಕ್ಕಿಂತ ದೊಡ್ಡ ಪ್ರತಿಯನ್ನೇ ತೋರಿಸುವುದುಂಟು, ಆದರೆ ಕೈಯಳತೆಯ ದೂರದಿಂದ, ಬಿಸಿಲಲ್ಲಿ ನಿಂತು ನೋಡುವವರ ಕಣ್ಣಿಗೆ ಆ ಹೆಚ್ಚಿನ ಪಿಕ್ಸೆಲ್‌ಗಳಿಂದ ದೊಡ್ಡ ಪ್ರಯೋಜನವಿಲ್ಲ. ಅದಕ್ಕೇ 120ರಲ್ಲಿ ಓದಲು ಬಂದರೆ ಮಾತ್ರ ನಾನು ಕೆಲಸ ಮುಗಿಯಿತು ಅನ್ನುವುದು.

ಈ ಲೆಕ್ಕದಲ್ಲಿ ಕನ್ನಡಕ್ಕೆ ಒಂದು ತೊಡಕಿದೆ. ನಮ್ಮ ಅಕ್ಷರ ಒಂದೇ ಅಂತಸ್ತಿನದಲ್ಲ. ನಡುವೆ ಅಕ್ಷರದ ಮೈ, ಮೇಲೆ ಗುಡಿಸು, ತಲೆಕಟ್ಟು, ಎತ್ವ, ಕೆಳಗೆ ಒತ್ತು. ಎರಡು ಸಾಲು ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತದೆ. ಗುದ್ದದಂತೆ ಸಾಲುಗಳ ನಡುವೆ ಅಂತರ ಬಿಟ್ಟರೆ ಅಕ್ಷರದ ಮೈಯನ್ನೇ ಕಿರಿದು ಮಾಡಬೇಕಾಗುತ್ತದೆ. ಒತ್ತಾದರೂ ಎಷ್ಟು ದೊಡ್ಡದು? ಮೈಯ ಅರ್ಧದಷ್ಟು. ಮೈ ಹತ್ತು ಪಿಕ್ಸೆಲ್‌ಗೆ ಇಳಿದಾಗ ಒತ್ತು ಐದು ಪಿಕ್ಸೆಲ್ ಆಗಿ ಬರೀ ಒಂದು ಮಚ್ಚೆಯಾಗಿ ಉಳಿಯುತ್ತದೆ. ಜಾಗ ತಿಂದಿದ್ದೂ ಆಯಿತು, ಓದಲು ಸಿಗಲೂ ಇಲ್ಲ.

ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರ ಕೆಲಸವನ್ನೇ ಹೇಳುತ್ತೇನೆ. ಕಾಳುಮೆಣಸಿನ ಬಳ್ಳಿ ಮಳೆಗಾಲದಲ್ಲಿ ಸೊರಗಿ ಸಾಯುವ ರೋಗ, ಅದಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಮಾಡಿಕೊಳ್ಳುವ ವಿಧಾನ, ಇದು ವಿಡಿಯೋ. ಅವರು ಬರೆದುಕೊಂಡು ಬಂದಿದ್ದು: “ಕಾಳುಮೆಣಸಿನ ಶೀಘ್ರ ಸೊರಗು ರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವುದು ಹೇಗೆ?”

“ಇಷ್ಟೂ ಹಾಕಿದ್ರೆ ಯಾವುದೂ ಕಾಣಲ್ಲ ಸಾರ್” ಅಂದೆ.

“ಎಲ್ಲಾ ಬರೀಬೇಕು ಮಾರಾಯ, ಇಲ್ಲಾಂದ್ರೆ ವಿಡಿಯೋದಲ್ಲಿ ಏನಿದೆ ಅಂತ ಜನಕ್ಕೆ ಹೆಂಗೆ ಗೊತ್ತಾಗುತ್ತೆ?”

ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಪೂರ್ತಿ ವಾಕ್ಯ ಥಂಬ್‌ನೇಲ್‌ನ ಪಕ್ಕದಲ್ಲೋ ಕೆಳಗೋ ವಿಡಿಯೋದ ಶೀರ್ಷಿಕೆಯಾಗಿ ಹೇಗೂ ಬರುತ್ತದೆ, ಅದೂ ಫೋನಿನದೇ ಸ್ಪಷ್ಟ ಅಕ್ಷರದಲ್ಲಿ. ಅದನ್ನೇ ಚಿತ್ರದ ಮೇಲೆ ಮತ್ತೆ ಬರೆಯುವುದು ಜಾಗ ದಂಡ. ಚಿತ್ರದ ಮೇಲಿನ ಪದ ಕಣ್ಣನ್ನು ನಿಲ್ಲಿಸಿದರೆ ಸಾಕು.

ಕುಳಿತು ಪದ ಹುಡುಕಿದೆವು. “ಬಳ್ಳಿ ಸಾಯುತ್ತಿದೆಯಾ?” ಅಂತ ಅವರು ಹೇಳಿದರು. ಅರ್ಥ ಚೆನ್ನಾಗಿದೆ, ಆದರೆ ಎರಡು ಒತ್ತು, ಜೊತೆಗೆ ಳ್ಳಿಯಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು ಎರಡೂ ಇದೆ. “ಮೆಣಸು ಒಣಗಿತಾ?” ಅಂತ ನಾನು ಬರೆದೆ. ಒಂದೂ ಒತ್ತಿಲ್ಲ. ಅವರು ನಕ್ಕುಬಿಟ್ಟರು. “ಕುಯ್ಲಾದ ಮೇಲೆ ಎಲ್ಲರ ಮೆಣಸೂ ಕಣದಲ್ಲಿ ಒಣಗುತ್ತೆ. ಒಣಗಿಸೋ ವಿಡಿಯೋ ಅಂದ್ಕೊಂಡು ಬರ್ತಾರೆ.” ಸುಲಭವಾಗಿ ಓದಲು ಬಂದು ತಪ್ಪು ಅರ್ಥ ಕೊಡುವ ಪದಕ್ಕಿಂತ ಓದಲು ಬಾರದ ಪದವೇ ವಾಸಿ. ಕೊನೆಗೆ ಅವರ ವಾಕ್ಯದ ಹೊಟ್ಟೆಯಲ್ಲೇ ಇದ್ದ ಎರಡು ಪದ ಎತ್ತಿಕೊಂಡೆವು: “ಸೊರಗು ರೋಗ”. ಮೆಣಸು ಬೆಳೆಯುವವರಿಗೆ ಅಷ್ಟು ಹೇಳಿದರೆ ಮುಗಿಯಿತು. ಒತ್ತಿಲ್ಲ, ಇರುವುದು ಐದೇ ಅಕ್ಷರ, ಅದರಲ್ಲೂ ಗ ಮತ್ತು ರ ನಮ್ಮ ವರ್ಣಮಾಲೆಯಲ್ಲೇ ಅತಿ ಸರಳ ಆಕಾರದವು. ರೋ ಅಕ್ಷರದ ದೀರ್ಘ ಕಾಣದೆ ಹೋದರೂ ಯಾರೂ ಬೇರೆ ಪದ ಓದುವುದಿಲ್ಲ.

ಈಗ ಅಳತೆಗೆ ಬನ್ನಿ. ಎರಡು ಸಾಲಿಗೆ ನಾನು ಇಟ್ಟುಕೊಂಡಿದ್ದು 400 ಪಿಕ್ಸೆಲ್ ಎತ್ತರ. ಒತ್ತು ಇದ್ದ ವಾಕ್ಯವನ್ನು ಅದರೊಳಗೆ ಕೂರಿಸಿದಾಗ ಅಕ್ಷರದ ಮೈ ಸುಮಾರು 110 ಪಿಕ್ಸೆಲ್‌ಗೆ ನಿಂತಿತು. ಒತ್ತಿಲ್ಲದ ಪದಗಳಿಗೆ ಸಾಲಿನ ಅಂತರ ಬಿಗಿ ಮಾಡಬಹುದಾದ್ದರಿಂದ ಅದೇ ಜಾಗದಲ್ಲಿ 160ರವರೆಗೆ ಹೋಯಿತು. 120ರ ಚಿಕ್ಕ ಪ್ರತಿಯಲ್ಲಿ ಇದು ಹತ್ತು ಪಿಕ್ಸೆಲ್ ಮತ್ತು ಹದಿನೈದು ಪಿಕ್ಸೆಲ್‌ಗಳ ವ್ಯತ್ಯಾಸ. ಫಾಂಟ್ ಬದಲಿಸಿ ಇಷ್ಟು ಲಾಭ ನನಗೆ ಯಾವತ್ತೂ ಸಿಕ್ಕಿಲ್ಲ.

ಫಾಂಟ್ ವಿಷಯಕ್ಕೆ ಬಂದರೆ, ಅತಿ ದಪ್ಪವೇ ಅತಿ ಸ್ಪಷ್ಟ ಅನ್ನುವ ನಂಬಿಕೆ ಕನ್ನಡಕ್ಕೆ ಒಪ್ಪುವುದಿಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಒಳಗಿನ ಬಯಲು ಜಾಸ್ತಿ, ಎಷ್ಟು ದಪ್ಪ ಮಾಡಿದರೂ ತಡೆಯುತ್ತವೆ. ನಮ್ಮಲ್ಲಿ ಅಕ್ಷರದಿಂದ ಅಕ್ಷರಕ್ಕೆ ಇರುವ ವ್ಯತ್ಯಾಸವೇ ಒಂದು ಸಣ್ಣ ಗೆರೆಯಲ್ಲೋ ಚುಕ್ಕೆಯಲ್ಲೋ ಅಡಗಿದೆ. ಪ ಒಳಗೆ ಒಂದು ಗೆರೆ ಬಂದರೆ ಷ, ರ ಒಳಗೆ ಒಂದು ಚುಕ್ಕೆ ಬಂದರೆ ಠ, ದ ಕೆಳಗೆ ಒಂದು ಸೀಳು ಬಂದರೆ ಧ. ದಪ್ಪ ಏರಿಸಿದ ಹಾಗೆ ಮೊದಲು ಮುಚ್ಚುವುದು ಇವೇ ಸಂದುಗಳು. ನಾನು ಹೆಚ್ಚಾಗಿ ಬಳಸುವುದು `Anek Kannada`, ದಪ್ಪ `ExtraBold` ಅಲ್ಲ, ಒಂದು ಮೆಟ್ಟಿಲು ಕೆಳಗಿನ `Bold`. ಚಿತ್ರವನ್ನು ದೊಡ್ಡದು ಮಾಡಿಕೊಂಡು ಷ ಅಥವಾ ಣ ಅಕ್ಷರದ ಒಳಸಂದನ್ನು ಅಳೆಯುತ್ತೇನೆ. ಹನ್ನೊಂದು ಪಿಕ್ಸೆಲ್‌ಗಿಂತ ಕೆಳಗಿದ್ದರೆ ದಪ್ಪ ಇಳಿಸುತ್ತೇನೆ. ಈ ಫಾಂಟ್‌ನಲ್ಲಿ ಅಗಲವನ್ನೂ ಬೇರೆಯಾಗಿ ಕಿರಿದು ಮಾಡಿಕೊಳ್ಳಬಹುದು, ಉದ್ದದ ಪದಕ್ಕೆ ಅದು ಉಪಕಾರ. ಅಕ್ಷರವನ್ನು ಎರಡೂ ಕಡೆಯಿಂದ ಮೌಸ್‌ನಲ್ಲಿ ಒತ್ತಿ ಕಿರಿದು ಮಾಡಬೇಡಿ, ನಿಂತ ಗೆರೆಗಳು ಸಣಕಲಾಗಿ ಮಲಗಿದ ಗೆರೆಗಳು ಮಾತ್ರ ದಪ್ಪ ಉಳಿಯುತ್ತವೆ. `Baloo Tamma 2` ಕೂಡ ಒಳ್ಳೆಯದು, ಅದರ ಗುಂಡಗಿನ ರೂಪ ಅಡುಗೆಯ ವಿಡಿಯೋಗೆ ಹೊಂದುತ್ತದೆ, ರೋಗದ ವಿಡಿಯೋಗೆ ಸ್ವಲ್ಪ ಮುದ್ದಾಯಿತು.

ಹಿನ್ನೆಲೆಯ ಫೋಟೋದಲ್ಲಿ ಹಸಿರು ತುಂಬಿತ್ತು. ಅಪಾಯದ ಸೂಚನೆ ಅಂತ ಬೆಳೆಗಾರರು ಕೆಂಪು ಅಕ್ಷರ ಕೇಳಿದರು. ತೋಟದ ಚಿತ್ರಗಳಲ್ಲಿ ಎಲ್ಲರೂ ಬೀಳುವ ಹಳ್ಳ ಇದು. ಕೆಂಪು ಮತ್ತು ಎಲೆಯ ಕಡು ಹಸಿರು ಬಣ್ಣದಲ್ಲಿ ಬೇರೆ, ಬೆಳಕಿನ ಪ್ರಮಾಣದಲ್ಲಿ ಹೆಚ್ಚುಕಡಿಮೆ ಒಂದೇ. ಅವರ ಎದುರಿಗೇ ಚಿತ್ರದ ಬಣ್ಣ ಪೂರ್ತಿ ತೆಗೆದು ಕಪ್ಪುಬಿಳುಪು ಮಾಡಿ ತೋರಿಸಿದೆ, ಅಕ್ಷರ ಎಲೆಯೊಳಗೆ ಕರಗಿಹೋಯಿತು. ಇನ್ನೊಂದು ಕಾರಣವೂ ಇದೆ. ಜೆಪೆಗ್‌ನಲ್ಲಿ ಚಿತ್ರವನ್ನು ಒತ್ತುವಾಗ ಬೆಳಕಿನ ವಿವರವನ್ನು ಪೂರ್ತಿ ಅಳತೆಯಲ್ಲಿಟ್ಟು, ಬಣ್ಣದ ವಿವರವನ್ನು ಸಾಮಾನ್ಯವಾಗಿ ಅರ್ಧ ಅಳತೆಗೆ ಇಳಿಸುತ್ತಾರೆ. ಬರೀ ಬಣ್ಣದ ಬಲದ ಮೇಲೆ ನಿಂತ ಅಂಚು ಅದಕ್ಕೇ ಕಲಸಿಕೊಳ್ಳುವುದು. ಹಳದಿ ಅಕ್ಷರ, ಸುತ್ತ ಕಪ್ಪು ಅಂಚು ಅಂತ ತೀರ್ಮಾನವಾಯಿತು.

ಅಂಚು ಹಾಕುವ ಕ್ರಮ ಮುಖ್ಯ. ಗೆರೆಯ ನಡುವಿನಿಂದ ಎರಡೂ ಕಡೆ ಹರಡುವ ಅಂಚು ಅಕ್ಷರವನ್ನೇ ತಿನ್ನುತ್ತದೆ. ಕನ್ನಡದಲ್ಲಿ ಸೊ ಥರದ ಅಕ್ಷರ ಎರಡು ಮೂರು ತುಂಡು ಸೇರಿ ಆಗಿರುವುದರಿಂದ ತುಂಡು ಕೂಡುವಲ್ಲಿ ಕಪ್ಪು ಗೀರುಗಳೂ ಏಳುತ್ತವೆ. ಜಿಂಪ್‌ನಲ್ಲಿ ನಾನು ಅಕ್ಷರದ ಪದರವನ್ನು ಆರಿಸಿ `Alpha to Selection` ಕೊಟ್ಟು, `Grow` ಮಾಡಿ 12 ಪಿಕ್ಸೆಲ್ ಹಿಗ್ಗಿಸಿ, ಅಕ್ಷರದ ಕೆಳಗೆ ಹೊಸ ಪದರ ಮಾಡಿ ಅದರಲ್ಲಿ ಕಪ್ಪು ತುಂಬುತ್ತೇನೆ. ಆಗ ಹಳದಿ ಅಕ್ಷರದ ಒಂದು ಪಿಕ್ಸೆಲ್ಲೂ ಹೋಗುವುದಿಲ್ಲ. ಒಳಸಂದುಗಳಲ್ಲಿ ಎಲೆಯ ಗೊಂದಲ ಹೋಗಿ ಕಪ್ಪು ನಿಲ್ಲುತ್ತದೆ, ಅದು ಅನುಕೂಲವೇ. ಬೂದು ನೆರಳು, ಹೊಳಪು ಇವೆಲ್ಲ ಚಿಕ್ಕ ಪ್ರತಿಯಲ್ಲಿ ಬರೀ ಮಬ್ಬು.

ಪದಗಳನ್ನು ಎಡಕ್ಕೆ ಇಟ್ಟೆ. ಬಲಗಡೆಯ ಕೆಳಮೂಲೆಯಲ್ಲಿ ವಿಡಿಯೋದ ಅವಧಿ ಬಂದು ಕೂರುತ್ತದೆ, ಅರ್ಧ ನೋಡಿ ಬಿಟ್ಟವರಿಗೆ ತಳದಲ್ಲಿ ಕೆಂಪು ಗೆರೆಯೂ ಬರುತ್ತದೆ. ಬಲಗಡೆ ಬೋರ್ಡೋ ದ್ರಾವಣದ ಡ್ರಮ್ಮು. ಆ ತಿಳಿನೀಲಿ ಬಣ್ಣ ಕಂಡರೆ ಸಾಕು, ಮಲೆನಾಡಿನಲ್ಲಿ ಔಷಧಿ ಹೊಡೆಸಿದವರಿಗೆ ಹೆಸರು ಬರೆದು ಹೇಳುವುದು ಬೇಕಿಲ್ಲ. ಹಾಗಾಗಿ ರ್ಡೋ, ದ್ರಾ ಎರಡೂ ತಪ್ಪಿದವು.

ಪರೀಕ್ಷೆಗೆ ಕಂಪ್ಯೂಟರಿನಲ್ಲಿ ಇಮೇಜ್‌ಮ್ಯಾಜಿಕ್ ತಂತ್ರಾಂಶದ ಒಂದೇ ಸಾಲಿನ ಆಜ್ಞೆ ಇಟ್ಟುಕೊಂಡಿದ್ದೇನೆ:

```
magick thumb.png -resize 120x chikka.png
```

ಆ ಚಿಕ್ಕ ಚಿತ್ರವನ್ನು ಹಿಗ್ಗಿಸದೆ ಪರದೆಯಲ್ಲಿ ನೋಡಬೇಕು, ಆಮೇಲೆ ಅದೇ ಅಳತೆಯ ಬೇರೆ ವಿಡಿಯೋಗಳ ನಡುವೆ ಅಂಟಿಸಿ ಫೋನಿಗೆ ಕಳಿಸಬೇಕು. ನನ್ನ ಕಣ್ಣನ್ನು ನಾನು ನಂಬುವುದಿಲ್ಲ, ಏನು ಬರೆದಿದ್ದೇನೆ ಅಂತ ನನಗೆ ಮೊದಲೇ ಗೊತ್ತಿರುತ್ತದಲ್ಲ. ಎದುರಿನ ಟೀ ಅಂಗಡಿಯಲ್ಲಿ ಯಾರಿಗಾದರೂ ಫೋನು ತೋರಿಸಿ, ಕೂಡಲೇ ಹಿಂದಕ್ಕೆ ತೆಗೆದುಕೊಂಡು, ಏನಿತ್ತು ಅಂತ ಕೇಳುತ್ತೇನೆ. ಅಕ್ಷರ ಬಿಟ್ಟು “ಯಾವುದೋ ಡ್ರಮ್ಮು” ಅಂದರೆ ಪದ ಸೋತಿದೆ ಅಂತ ಲೆಕ್ಕ. ವಿಡಿಯೋ ಏರಿಸಿದ ಮೇಲೆ ಯೂಟ್ಯೂಬ್ ಒತ್ತಿದ ಪ್ರತಿ ಹೇಗಿದೆ ಅಂತ ಇಲ್ಲಿ ನೋಡಬಹುದು, `VIDEO_ID` ಇರುವಲ್ಲಿ ನಿಮ್ಮ ವಿಡಿಯೋದ ಗುರುತು ಹಾಕಿ:

```
https://i.ytimg.com/vi/VIDEO_ID/default.jpg
```

ಅದರಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಕಂಡರೆ ಗಾಬರಿ ಬೇಡ, ಆ ಪ್ರತಿ 120×90ರ ಚೌಕಟ್ಟಿನದು.

ಒತ್ತು ಬಿಡಲಾಗದ ಪದಗಳೂ ಇವೆ. ಹಾಸನ, ಬೇಲೂರು, ಸಕಲೇಶಪುರ, ಮೂಡಿಗೆರೆಯವರು ಪುಣ್ಯವಂತರು, ನಮ್ಮ ಊರಿನ ಹೆಸರಲ್ಲೇ ಕ್ಕ ಇದೆ. ಅಂಥ ಪದವನ್ನು ಕೆಳಗಿನ ಸಾಲಿಗೆ ಹಾಕುತ್ತೇನೆ. ಒತ್ತು ಖಾಲಿ ಜಾಗಕ್ಕೆ ಇಳಿಯುತ್ತದೆ, ಸಾಲುಗಳ ನಡುವಿನ ಅಂತರ ಹಾಗೇ ಬಿಗಿಯಾಗಿರುತ್ತದೆ. ಕ್ಕ, ಪ್ಪ, ಲ್ಲ ಇಂಥ ಸಜಾತಿ ಒತ್ತು ಮಚ್ಚೆಯಾದರೂ ಓದುವವರು ಊಹಿಸಿಕೊಳ್ಳುತ್ತಾರೆ. ಸ್ತ್ರ, ಷ್ಟ್ರಗಳಿಗೆ ಆ ಊಹೆ ಕೆಲಸ ಮಾಡುವುದಿಲ್ಲ, ಅಲ್ಲಿ ಬೇರೆ ಪದವೇ ಬೇಕು. ಬೆಳೆಗಾರರ ಮುಂದಿನ ವಿಡಿಯೋ ಅರೇಬಿಕಾ ಗಿಡ ಕೊರೆಯುವ ಹುಳದ ಮೇಲೆ. ಈ ಸಲ ಅವರೇ ಚೀಟಿಯಲ್ಲಿ “ಕಾಂಡಕೊರಕ” ಅಂತ ಒಂದೇ ಪದ ಬರೆದು ಕಳಿಸಿದ್ದಾರೆ. ಒತ್ತಿಲ್ಲ, ಆದರೆ ಒಂದೇ ಸಾಲಿಗೆ ಉದ್ದವಾಯಿತು. “ಕಾಂಡ” ಮೇಲೆ, “ಕೊರಕ” ಕೆಳಗೆ ಅಂತ ಒಡೆದು ನೋಡುತ್ತಿದ್ದೇನೆ.