ವಿಚಾರಣೆ ಶುರುವಾಗಿದೆ ಅಂತ ಇಬ್ಬರಿಗೆ ಬರೆಯುವ ಪತ್ರ

ಪುಣೆ ಹತ್ತಿರದ ಚಾಕಣದಲ್ಲಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಆಂತರಿಕ ಸಮಿತಿಯ ಅಧ್ಯಕ್ಷೆ. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳದ ಬಗ್ಗೆ 2013ರಲ್ಲಿ ಬಂದ ಕಾಯ್ದೆಯ ಪ್ರಕಾರ ದೂರುಗಳು ನಮ್ಮ ಮುಂದೆ ಬರುತ್ತವೆ. ಕೆಳಗಿನ ಪ್ರಕರಣದಲ್ಲಿ ವಿಭಾಗ, ಊರು, ವಾರ ಎಲ್ಲ ಬದಲಿಸಿದ್ದೇನೆ. ಗುಟ್ಟು ಕಾಯಿರಿ ಅಂತ ಪತ್ರ ಬರೆದವಳೇ ಗುಟ್ಟು ಬಿಟ್ಟುಕೊಟ್ಟರೆ ಹೇಗೆ?

ದೂರು ಕೊಟ್ಟವರು ಪ್ಯಾಕಿಂಗ್ ವಿಭಾಗದ ಗುತ್ತಿಗೆ ಕಾರ್ಮಿಕರು, ವಿಜಯಪುರದ ಕಡೆಯವರು. ಆರೋಪ ಅದೇ ಪಾಳಿಯ ಸೂಪರ್‌ವೈಸರ್ ಮೇಲೆ. ಅವರೂ ಆ ಕಡೆಯವರೇ, ಆದರೆ ಕಂಪನಿಯ ಕಾಯಂ ನೌಕರರು. ಗುತ್ತಿಗೆಯವರು ಗುತ್ತಿಗೆದಾರನ ಹತ್ತಿರ ಹೋಗಲಿ ಅಂತ ನಮ್ಮ ಕಚೇರಿಯಲ್ಲೇ ಒಬ್ಬರು ಅಂದರು. ಕಾಯ್ದೆಗೆ ಆ ಭೇದ ಇಲ್ಲ. ಕೆಲಸದ ಜಾಗ ನಮ್ಮದು, ಆರೋಪ ಹೊತ್ತವರು ನಮ್ಮ ನೌಕರರು, ದೂರು ನಮ್ಮ ಸಮಿತಿಗೇ ಬರಬೇಕು.

ಆಕೆಗೆ ಬರೆದು ರೂಢಿಯಿಲ್ಲ. ಬರೆಯಲು ನೆರವಾಗುವುದು ಸಮಿತಿಯ ಹೊಣೆ ಅಂತ ಕಾಯ್ದೆಯಲ್ಲೇ ಇದೆ. ಆಕೆ ಹೇಳಿದ್ದನ್ನು ಹೇಳಿದ ಹಾಗೆ ಕನ್ನಡದಲ್ಲೇ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡೆ. ನಿಯಮದ ಪ್ರಕಾರ ದೂರಿನ ಆರು ಪ್ರತಿ ಬೇಕು. ಅದಕ್ಕೆ ಆಕೆಯನ್ನು ಚೌಕದ ಝೆರಾಕ್ಸ್ ಅಂಗಡಿಗೆ ಕಳಿಸಲಿಲ್ಲ, ಊಟದ ವೇಳೆ ಕಚೇರಿಯ ಯಂತ್ರದ ಪಕ್ಕ ನಿಂತು ನಾನೇ ತೆಗೆದೆ.

ಆಮೇಲೆ ಪತ್ರಗಳು. ಒಂದೇ ಪತ್ರ ಬರೆದು ಇಬ್ಬರ ಹೆಸರೂ ಹಾಕಿ ಕಳಿಸುವ ಪದ್ಧತಿ ಕೆಲವು ಕಡೆ ಇದೆ. ನನಗದು ಸರಿ ಕಾಣುವುದಿಲ್ಲ, ಯಾಕೆಂದರೆ ಇಬ್ಬರಿಗೆ ತಿಳಿಯಬೇಕಾದದ್ದು ಬೇರೆ ಬೇರೆ. ಸೂಪರ್‌ವೈಸರ್‌ಗೆ ದೂರಿನ ಪೂರ್ತಿ ಪ್ರತಿ ಹೋಗಬೇಕು. ಸಾರಾಂಶ ಕೊಟ್ಟರೆ ಅವರು ಯಾವುದಕ್ಕೆ ಉತ್ತರ ಕೊಡಬೇಕು? ಆಕೆಯ ಹೆಸರನ್ನೂ ಅವರಿಂದ ಮುಚ್ಚಿಡಲು ಬರುವುದಿಲ್ಲ. ಫೋನ್ ನಂಬರು, ಬಾಡಿಗೆ ಖೋಲಿಯ ವಿಳಾಸ ಮಾತ್ರ ಬೇರೆ ಹಾಳೆಯಲ್ಲಿ ಬರೆಸಿಕೊಂಡು ಸಮಿತಿಯ ಕಡತದಲ್ಲೇ ಇಟ್ಟುಕೊಂಡೆ.

ದೂರು ಬಂದ ಏಳು ಕೆಲಸದ ದಿನಗಳೊಳಗೆ ಪ್ರತಿ ಅವರ ಕೈ ಸೇರಬೇಕು. ಅದು ಸೇರಿದ ಮೇಲೆ ಉತ್ತರಕ್ಕೆ ಹೆಚ್ಚೆಂದರೆ ಹತ್ತು ಕೆಲಸದ ದಿನ. ನಮ್ಮಲ್ಲಿ ವಾರದ ರಜೆ ಗುರುವಾರ, ಸಮಿತಿಯಲ್ಲಿರುವ, ಕಂಪನಿಯ ಹೊರಗಿನ ಸದಸ್ಯೆಯವರ ಲೆಕ್ಕದಲ್ಲಿ ಭಾನುವಾರ. ‘ಹತ್ತು ದಿನದೊಳಗೆ’ ಅಂತ ಬರೆದರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹಾಕುತ್ತಾರೆ. ಶನಿವಾರ ಪತ್ರ ಕೊಟ್ಟೆವು. ಭಾನುವಾರದಿಂದ ಎಣಿಸಿ, ನಡುವಿನ ಗುರುವಾರ ಬಿಟ್ಟರೆ, ಹತ್ತನೆಯದು ಎರಡನೇ ಬುಧವಾರ. ಆ ಬುಧವಾರದ ತಾರೀಖು, ಸಂಜೆ ಐದು ಗಂಟೆ, ಉತ್ತರ ಕೊಡಬೇಕಾದ ಕೋಣೆ, ಜೊತೆಗಿಡಬೇಕಾದ ದಾಖಲೆ ಮತ್ತು ಸಾಕ್ಷಿಗಳ ಪಟ್ಟಿ, ಇಷ್ಟನ್ನೂ ಪತ್ರದಲ್ಲೇ ನಮೂದಿಸಿದೆ.

ಪತ್ರದ ಮೊದಲ ವಾಕ್ಯ ಹೀಗಿತ್ತು: ‘ನಿಮ್ಮ ವಿರುದ್ಧ ಒಂದು ದೂರು ಬಂದಿದೆ, ಅದು ನಿಜವೋ ಅಲ್ಲವೋ ಎಂಬುದನ್ನು ಸಮಿತಿ ಇನ್ನೂ ತೀರ್ಮಾನಿಸಿಲ್ಲ.’ ‘ನೀವು ಎಸಗಿದ ಕೃತ್ಯ’ ಅಂತ ಎಲ್ಲೂ ಬರಬಾರದು. ಆ ಮೂರು ಪದ ಸಾಕು, ಸಮಿತಿ ಮೊದಲೇ ನಿರ್ಧರಿಸಿತ್ತು ಅಂತ ನಾಳೆ ಮೇಲ್ಮನವಿಯಲ್ಲಿ ವಾದ ಬರಲು.

ಪತ್ರ ಕೈಗೆ ಕೊಟ್ಟಾಗ ಅವರು ಪೆನ್ನು ಹಿಡಿದುಕೊಂಡೇ ಕೇಳಿದರು, “ಮೇಡಂ, ಸಹಿ ಹಾಕಿದ್ರ ತಪ್ಪು ಒಪ್ಪಿಕೊಂಡ್ಹಂಗ ಅಲ್ಲೇನ್ರಿ?” ಹೆಚ್ಚಿನವರು ಇದನ್ನೇ ಕೇಳುತ್ತಾರೆ. ಹಾಗಾಗಿ ಸಹಿಯ ಜಾಗದ ಮೇಲೆ ‘ಪ್ರತಿ ತಲುಪಿದೆ, ಆರೋಪ ಒಪ್ಪಿದ್ದೇನೆ ಎಂದು ಇದರ ಅರ್ಥವಲ್ಲ’ ಎಂಬ ಸಾಲು ಮೊದಲೇ ಅಚ್ಚು ಮಾಡಿಸಿರುತ್ತೇನೆ. ಸಹಿ ಹಾಕದೇ ಹೋದರೆ ಇಬ್ಬರು ಸದಸ್ಯರು ಹೊತ್ತು ಸಮೇತ ಟಿಪ್ಪಣಿ ಬರೆದು, ಅದೇ ದಿನ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಮಾಡುತ್ತೇವೆ.

ಆಕೆಗೆ ಬರೆದ ಪತ್ರ ಕನ್ನಡದಲ್ಲಿ, ಒಂದೂವರೆ ಪುಟ. ದೂರು ಯಾವ ದಿನ ದಾಖಲಾಯಿತು, ಎದುರಿನವರಿಗೆ ಯಾವ ದಿನ ಪ್ರತಿ ಹೋಗುತ್ತದೆ, ಅವರ ಉತ್ತರದ ಪ್ರತಿ ಆಕೆಗೂ ಸಿಗುತ್ತದೆ, ವಿಚಾರಣೆ 90 ದಿನದೊಳಗೆ ಮುಗಿಯಬೇಕು, ಪೊಲೀಸರ ಹತ್ತಿರ ಹೋಗುವ ಹಕ್ಕು ಇದರಿಂದ ತಪ್ಪುವುದಿಲ್ಲ. ಮತ್ತೊಂದು ಮುಖ್ಯ ಪ್ಯಾರಾ ಮಧ್ಯಂತರ ಪರಿಹಾರದ್ದು. ಆಕೆ ಬರೆದು ಕೇಳಿದರೆ ಬೇರೆ ಕಡೆ ವರ್ಗಾವಣೆ, ಮೂರು ತಿಂಗಳವರೆಗೆ ರಜೆ ಇತ್ಯಾದಿ ಕೊಡಿಸಲು ಸಮಿತಿ ಶಿಫಾರಸು ಮಾಡಬಹುದು. ಆಕೆ ಪಾಳಿ ಬದಲಿ ಕೇಳಲಿಲ್ಲ. “ನಾ ಯಾಕ ಹೋಗಬೇಕ್ರಿ?” ಅಂದರು. ಹಾಜರಿ ಮತ್ತು ಓಟಿಗೆ ಸಹಿ ಹಾಕುವವರು ಅವರೇ ಆಗಬಾರದು ಅನ್ನುವುದಷ್ಟೇ ಆಕೆಯ ಬೇಡಿಕೆ. ಆ ಸಹಿಯನ್ನು ಇನ್ನೊಬ್ಬ ಸೂಪರ್‌ವೈಸರ್‌ಗೆ ವಹಿಸಿದೆವು. ಆದೇಶದಲ್ಲಿ ಕಾರಣ ಬರೆಯಲಿಲ್ಲ, ಆಕೆಯೊಬ್ಬರ ಹೆಸರನ್ನೂ ಹಾಕದೆ ಇಡೀ ಲೈನಿಗೆ ಬದಲಾಯಿಸಿದೆವು.

ಇನ್ನು ಗೌಪ್ಯತೆ. ‘ಈ ವಿಷಯ ಯಾರೊಂದಿಗೂ ಮಾತನಾಡಕೂಡದು’ ಎಂಬ ಸಾಲು ಹಳೆಯ ನಮೂನೆಗಳಲ್ಲಿ ಇರುತ್ತದೆ. ನಾನು ಅದನ್ನು ತೆಗೆದುಬಿಟ್ಟೆ. ಕಾಯ್ದೆಯ 16ನೇ ಕಲಂ ಹೇಳುವುದು ದೂರು, ಇಬ್ಬರ ಮತ್ತು ಸಾಕ್ಷಿಗಳ ಗುರುತು, ವಿಚಾರಣೆಯ ವಿವರ, ಇವನ್ನು ಸಾರ್ವಜನಿಕರಿಗೆ, ಪತ್ರಿಕೆಗಳಿಗೆ, ಮಾಧ್ಯಮಕ್ಕೆ ತಿಳಿಸಬಾರದು ಅಂತ. ಕಷ್ಟದಲ್ಲಿರುವವರು ಮನೆಯವರ ಹತ್ತಿರವೂ ಬಾಯಿ ಬಿಡಬಾರದು ಅಂತಲ್ಲ. ಇಬ್ಬರ ಪತ್ರದಲ್ಲೂ ಒಂದೇ ಅಕ್ಷರಗಳಲ್ಲಿ ಹೀಗೆ ಬರೆದೆ: ‘ನಿಮ್ಮ ಮನೆಯವರು, ವೈದ್ಯರು, ವಕೀಲರ ಸಲಹೆ ಪಡೆಯಬಹುದು. ಸಹೋದ್ಯೋಗಿಗಳ ಬಳಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಹೊರಗಿನವರಲ್ಲಿ ಹೇಳಬಾರದು. ಎದುರು ಪಕ್ಷದವರನ್ನಾಗಲಿ ಸಾಕ್ಷಿಗಳನ್ನಾಗಲಿ ಈ ವಿಷಯವಾಗಿ ನೀವಾಗಿ ಅಥವಾ ಬೇರೆಯವರ ಮೂಲಕ ಸಂಪರ್ಕಿಸಬಾರದು. ಸಾಕ್ಷಿಗಳ ಹೆಸರು ಸಮಿತಿಗೆ ಕೊಡಿ, ಸಮಿತಿಯೇ ಕರೆಯುತ್ತದೆ.’ ವಕೀಲರ ಸಲಹೆ ಸರಿ, ಆದರೆ ವಿಚಾರಣೆಗೆ ಅವರನ್ನು ಕರೆತರುವಂತಿಲ್ಲ. ಅದನ್ನೂ ಪಕ್ಕದಲ್ಲೇ ಹೇಳಿದೆ, ಇಲ್ಲದಿದ್ದರೆ ಮೊದಲ ದಿನವೇ ಬಾಗಿಲಲ್ಲಿ ವಾದ ಶುರುವಾಗುತ್ತದೆ.

‘ಬೇರೆಯವರ ಮೂಲಕ’ ಅನ್ನುವ ಮಾತು ನಮ್ಮ ಜನರ ನಡುವೆ ಇಲ್ಲದೇ ನಡೆಯದು. ಚಾಕಣ, ಭೋಸರಿ ಕಡೆ ಒಂದೇ ತಾಲೂಕಿನವರು ಒಂದೇ ಚಾಳಿನಲ್ಲಿರುತ್ತಾರೆ. ಪತ್ರ ಹೋದ ವಾರದಲ್ಲೇ ನನಗೊಂದು ಫೋನು. ಊರ ಕಡೆಯ ಹಿರಿಯರು. “ಅಕ್ಕಾವ್ರ, ಇಬ್ಬರೂ ನಮ್ಮ ಮಂದೀನ ಅದಾರ, ಹೊರಗ ಕುಂತು ಮುಗಿಸೂಣ್ರಿ.” ನೀವು ಹೇಳುವ ಯಾವ ವಿಷಯದ ಬಗ್ಗೆಯೂ ನಾನು ಹೌದು ಅನ್ನುವಂತಿಲ್ಲ, ಅಲ್ಲ ಅನ್ನುವಂತಿಲ್ಲ ಅಂತ ಹೇಳಿ ಫೋನಿಟ್ಟೆ. ಮರುದಿನ ಆಕೆಯೇ ಬಂದು, ಸೂಪರ್‌ವೈಸರ್‌ರ ಭಾವ ಖೋಲಿಗೆ ಬಂದಿದ್ದರು ಅಂದರು.

ಸೂಪರ್‌ವೈಸರ್‌ಗೆ ಇನ್ನೊಂದು ಚಿಕ್ಕ ಪತ್ರ ಬರೆದು ಇದರ ಬಗ್ಗೆ ವಿವರಣೆ ಕೇಳಿದೆ. ಮನೆಯಲ್ಲಿ ಹೇಳಿಕೊಂಡದ್ದು ನಿಜ, ಭಾವನನ್ನು ನಾನು ಕಳಿಸಿಲ್ಲ ಅಂದರು. ನಿಜವಿದ್ದರೂ ಇರಬಹುದು. ಮನೆಯವರಲ್ಲಿ ಹೇಳಿಕೊಳ್ಳಲು ಪತ್ರದಲ್ಲೇ ಅವಕಾಶವಿತ್ತು, ಅದಕ್ಕೆ ಅವರನ್ನು ದೂರುವಂತಿಲ್ಲ. ಭಾವ ಮತ್ತೆ ಆ ಕಡೆ ಹೋಗದಂತೆ ನೋಡಿಕೊಳ್ಳುವ ಹೊಣೆ ನಿಮ್ಮದು ಅಂತ ಬರೆದು ಸಹಿ ಪಡೆದೆವು. ಇದನ್ನು ಮೂಲ ಆರೋಪಕ್ಕೆ ಪುರಾವೆ ಅಂತ ಎಣಿಸಲಿಲ್ಲ, ಬೇರೆ ಹಾಳೆಯಾಗಿ ಕಡತಕ್ಕೆ ಸೇರಿತು. ರಾಜಿ ಬೇಕಾದರೆ ವಿಚಾರಣೆಗೆ ಮುಂಚೆ ಆಕೆ ಕೇಳಬೇಕು, ಎದುರಿನವರಲ್ಲ, ಊರವರಂತೂ ಅಲ್ಲ. ಹಣದ ಮೇಲೆ ರಾಜಿ ನಡೆಯುವುದೂ ಇಲ್ಲ. ಆಕೆ ಕೇಳಲಿಲ್ಲ.

ನಿಜ ಹೇಳಬೇಕೆಂದರೆ ವಿಷಯ ಸೋರುವುದು ಮಾತಿನಿಂದ ಕಡಿಮೆ, ಕಚೇರಿಯ ರೂಢಿಗಳಿಂದ ಹೆಚ್ಚು. ಕ್ಯಾಲೆಂಡರಿನಲ್ಲಿ ‘ಆಂತರಿಕ ಸಮಿತಿ ಸಭೆ’ ಅಂತ ಹಾಕಿ ಆ ಸೂಪರ್‌ವೈಸರ್ ಹೆಸರು ಸೇರಿಸಿದರೆ ಮುಗಿಯಿತು. ನಾವು ಕೋಣೆಯನ್ನು ನನ್ನ ಹೆಸರಲ್ಲಿ ಮಾತ್ರ ಕಾದಿರಿಸುತ್ತೇವೆ. ಇಬ್ಬರನ್ನೂ ಒಂದೇ ಹೊತ್ತಿಗೆ ಕರೆಯುವುದಿಲ್ಲ. ಪತ್ರವನ್ನು ಗೇಟಿನ ರವಾನೆ ಪುಸ್ತಕದಲ್ಲಿ ಬರೆಸದೆ ಸದಸ್ಯರೇ ಕೈಯಾರೆ ಕೊಡುತ್ತೇವೆ. ಗುತ್ತಿಗೆದಾರನಿಗೆ ಹೋಗುವ ಚೀಟಿಯಲ್ಲಿ ಇರುವುದು ‘ಕಚೇರಿ ಕೆಲಸಕ್ಕೆ ಕರೆಯಲಾಗಿದೆ, ಆ ಅವಧಿಯ ಕೂಲಿ ಕಡಿಯಬಾರದು’ ಅಂತಷ್ಟೇ.

ಪತ್ರದ ಕೊನೆಗೆ ಎರಡು ಮಾತು ಉಳಿದಿದ್ದವು. ಸರಿಯಾದ ಕಾರಣವಿಲ್ಲದೆ ಸತತ ಮೂರು ಬಾರಿ ಬಾರದಿದ್ದರೆ, 15 ದಿನ ಮೊದಲು ಲಿಖಿತವಾಗಿ ತಿಳಿಸಿ, ಸಮಿತಿ ಗೈರುಹಾಜರಿಯಲ್ಲೇ ತೀರ್ಮಾನ ಕೊಡಬಹುದು, ದೂರುದಾರೆಯೇ ಬಾರದಿದ್ದರೆ ವಿಚಾರಣೆ ನಿಲ್ಲಿಸಬಹುದು. ಇನ್ನೊಂದು, ಸಂಶಯ ಬಂದರೆ ಕೇಳಬೇಕಾದ ನಂಬರು. ಅಲ್ಲಿ ಎಚ್‌ಆರ್‌ನ ಸಾಮಾನ್ಯ ಇಮೇಲ್ ಹಾಕಲಿಲ್ಲ, ಆ ಪೆಟ್ಟಿಗೆಯನ್ನು ಹಲವರು ತೆರೆದು ನೋಡುತ್ತಾರೆ. ನನ್ನ ನಂಬರನ್ನೇ ಕೊಟ್ಟೆ.