ಹುಡುಕಾಟದಲ್ಲಿ ಮೇಲಿದ್ದರೂ ಕ್ಲಿಕ್ ಬೀಳದ ಪುಟಕ್ಕೆ ಹೊಸ ಶೀರ್ಷಿಕೆ

ನಿಮ್ಮ ತಾಣ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ Performance ವರದಿಯನ್ನು ತೆರೆದು, ಅವಧಿಯನ್ನು ಕಳೆದ 28 ದಿನಗಳಿಗೆ ಹೊಂದಿಸಿಕೊಳ್ಳಿ. Average CTR ಮತ್ತು Average position ಚೌಕಗಳನ್ನೂ ಒತ್ತಿದರೆ ಕ್ಲಿಕ್, ಪುಟ ಫಲಿತಾಂಶದಲ್ಲಿ ಎಷ್ಟು ಬಾರಿ ಕಂಡಿತು ಎನ್ನುವ ಇಂಪ್ರೆಷನ್, ಕ್ಲಿಕ್ ಪ್ರಮಾಣ ಮತ್ತು ಸರಾಸರಿ ಸ್ಥಾನ ನಾಲ್ಕೂ ಒಟ್ಟಿಗೆ ಕಾಣುತ್ತವೆ. ನಂತರ Pages ಪಟ್ಟಿಯನ್ನು ಇಂಪ್ರೆಷನ್ ಕ್ರಮದಲ್ಲಿ ಜೋಡಿಸಿ, ಸ್ಥಾನದ ಸಂಖ್ಯೆ 6ಕ್ಕಿಂತ ಕಡಿಮೆ ಇರುವ, ಅಂದರೆ ಮೇಲಿರುವ ಪುಟಗಳನ್ನಷ್ಟೇ ಸೋಸಿಕೊಳ್ಳಿ.

ಸೈಕಲ್ ದುರಸ್ತಿಯ ಒಂದು ಪುಟಕ್ಕೆ 12,000 ಇಂಪ್ರೆಷನ್, ಸ್ಥಾನ 4, ಕ್ಲಿಕ್ ಕೇವಲ 96 ಇದೆ ಎಂದುಕೊಳ್ಳೋಣ. ಅಂದರೆ ಕ್ಲಿಕ್ ಪ್ರಮಾಣ ಶೇ 0.8. ಇಷ್ಟನ್ನೇ ನೋಡಿ ಶೀರ್ಷಿಕೆಗೆ ಕೈ ಹಾಕಬೇಡಿ. ಸರಾಸರಿ ಸ್ಥಾನದೊಳಗೆ ಜನ ಹುಡುಕಿದ ಹಲವು ಪ್ರಶ್ನೆಗಳು ಬೆರೆತಿರುತ್ತವೆ: ಒಂದಕ್ಕೆ 2ನೇ ಸ್ಥಾನ, ಇನ್ನೊಂದಕ್ಕೆ 30ನೇ ಸ್ಥಾನ. ಆ ಪುಟದ ಮೇಲೆ ಒತ್ತಿ Queries ಪಟ್ಟಿಗೆ ಹೋಗಿ. ನಿಜವಾದ ಕೆಲಸ ಆರಂಭವಾಗುವುದು ಇಲ್ಲಿಯೇ.

ಅತಿ ಹೆಚ್ಚು ಇಂಪ್ರೆಷನ್ ಇರುವ ಪ್ರಶ್ನೆ 'ಸೈಕಲ್ ಚೈನ್ ಪದೇ ಪದೇ ಕಳಚುವುದು ಏಕೆ' ಎಂದಿದೆ. ಪುಟದ ಶೀರ್ಷಿಕೆ ಮಾತ್ರ 'ಸೈಕಲ್ ಆರೈಕೆ: ಸಂಪೂರ್ಣ ಮಾರ್ಗದರ್ಶಿ' ಎಂದಿದೆ. ಚೈನ್ ಕಳಚಿ ಕಂಗೆಟ್ಟವರಿಗೆ ತಮ್ಮ ಉತ್ತರ ಇಲ್ಲಿದೆ ಎಂದು ಗೊತ್ತಾಗುವುದಾದರೂ ಹೇಗೆ? ಅದೇ ಪ್ರಶ್ನೆಯನ್ನು ಗೂಗಲ್‌ನಲ್ಲಿ ಹುಡುಕಿ, ಅಕ್ಕಪಕ್ಕದ ಫಲಿತಾಂಶಗಳನ್ನೂ ಓದಿ. ಉತ್ತರ ಫಲಿತಾಂಶದ ಪುಟದಲ್ಲೇ ಪೂರ್ತಿ ಸಿಗುತ್ತಿದ್ದರೆ ಅಥವಾ ಜನ ಹುಡುಕುತ್ತಿರುವುದು ಬೇರೊಂದು ಸಂಸ್ಥೆಯ ಹೆಸರನ್ನಾದರೆ, ಶೀರ್ಷಿಕೆ ಬದಲಿಸಿ ಹೆಚ್ಚೇನೂ ಗಿಟ್ಟುವುದಿಲ್ಲ. ಅಂಥ ಪುಟವನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ನಮ್ಮ ಪುಟಕ್ಕೆ ಹೀಗೆ ಬರೆಯಬಹುದು:

```html
<title>ಸೈಕಲ್ ಚೈನ್ ಪದೇ ಪದೇ ಕಳಚುವುದೇಕೆ? ಕಾರಣ, ದುರಸ್ತಿ</title>
<meta name="description" content="ಚೈನ್ ಸಡಿಲವೇ, ಸವೆದಿದೆಯೇ, ಹಲ್ಲುಚಕ್ರ ಬಾಗಿದೆಯೇ? ಪರೀಕ್ಷಿಸುವ ಕ್ರಮ ಮತ್ತು ಸರಿಪಡಿಸುವ ವಿಧಾನ.">
```

ಮೊಬೈಲ್ ಪರದೆಯಲ್ಲಿ ಉದ್ದದ ಶೀರ್ಷಿಕೆಯ ಬಾಲ ಕತ್ತರಿಸಿಹೋಗುತ್ತದೆ. ಆದ್ದರಿಂದ ಓದುಗರ ಮಾತು ಮೊದಲು ಬರಲಿ, ತಾಣದ ಹೆಸರು ಕೊನೆಗಿರಲಿ. ಪುಟದಲ್ಲಿ ಇಲ್ಲದ್ದನ್ನು ಇದೆ ಎಂದು ಶೀರ್ಷಿಕೆಯಲ್ಲಿ ಬರೆಯುವುದನ್ನು ನಾನು ಒಪ್ಪುವುದಿಲ್ಲ. ನಂಬಿ ಬಂದವರು ಬರಿಗೈಯಲ್ಲಿ ಹಿಂದಿರುಗುತ್ತಾರೆ.

ಗೂಗಲ್ ನಿಮ್ಮ ಶೀರ್ಷಿಕೆಯನ್ನೇ ತೋರಿಸಬೇಕೆಂಬ ನಿಯಮವಿಲ್ಲ. ಪುಟದೊಳಗಿನ ಮುಖ್ಯ ತಲೆಬರಹ ಬೇರೆಯೇ ಹೇಳುತ್ತಿದ್ದರೆ ಅದನ್ನು ಆರಿಸಿಕೊಳ್ಳಬಹುದು. ಹಾಗಾಗಿ ಎರಡರ ಅರ್ಥವೂ ಒಂದೇ ಆಗಿರಲಿ. ವಿವರಣೆಯ ಸಾಲನ್ನಂತೂ ಅದು ಹಲವು ಬಾರಿ ಪುಟದ ಪಠ್ಯದಿಂದಲೇ ಎತ್ತಿಕೊಳ್ಳುತ್ತದೆ. ಚೈನ್ ಕಳಚುವ ಕಾರಣವನ್ನು ಎರಡು ಸ್ಪಷ್ಟ ವಾಕ್ಯಗಳಲ್ಲಿ ಮೊದಲ ಪ್ಯಾರಾದಲ್ಲೇ ಹೇಳಿಬಿಡುವುದು ಒಳ್ಳೆಯದು.

ಬದಲಾವಣೆಯ ದಿನಾಂಕವನ್ನು ಬರೆದಿಟ್ಟುಕೊಂಡು, ಪುಟವನ್ನು ಮತ್ತೆ ಓದಿ ಸೂಚಿಗೆ ಸೇರಿಸುವಂತೆ URL Inspection ಮೂಲಕ ಗೂಗಲ್ ಅನ್ನು ಕೋರಿ. ಹೊಸ ಶೀರ್ಷಿಕೆ ಫಲಿತಾಂಶದಲ್ಲಿ ಕಂಡ ದಿನದಿಂದ 28 ದಿನ ಕಾದು, Compare ಬಳಸಿ ಅದೇ ಪ್ರಶ್ನೆಯ ಹಿಂದಿನ 28 ದಿನಗಳೊಂದಿಗೆ ಹೋಲಿಸಿ. ಸ್ಥಾನ ಹೆಚ್ಚುಕಡಿಮೆ ಅಷ್ಟೇ ಇದ್ದು ಕ್ಲಿಕ್ ಪ್ರಮಾಣ ಏರಿದ್ದರೆ ಅದು ಶೀರ್ಷಿಕೆಯ ಫಲ ಎನ್ನಲು ಆಧಾರವಿದೆ. ಸ್ಥಾನವೂ 4ರಿಂದ 2ಕ್ಕೆ ಏರಿದ್ದರೆ ಹಾಗೆನ್ನಲು ಬರುವುದಿಲ್ಲ, ಮೇಲಿನ ಸ್ಥಾನಕ್ಕೆ ಕ್ಲಿಕ್ ಸಹಜವಾಗಿಯೇ ಹೆಚ್ಚು ಬೀಳುತ್ತದೆ.